ಹನ್ನೆರಡು ಪೇ ಸ್ಲಿಪ್ ಕೂಡಿದರೂ ಫಾರ್ಮ್ 16 ಆಗದು

ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲೊಯೆನ್ಸ್ ಎಂದು ತಿಂಗಳ ಚೀಟಿಯಲ್ಲಿ ಸಾಲು ಹಲವು. ವರ್ಷದ ಪ್ರಮಾಣಪತ್ರದಲ್ಲಿ ಅವೆಲ್ಲ ಕರಗಿ ಒಂದೇ ಮೊತ್ತ. ಕೈಗೇ ಬಾರದ ಹಣ ಅಲ್ಲಿ ಸೇರಿಕೊಂಡಿರುತ್ತದೆ. ಕಂಪನಿ ಕೊಟ್ಟೆನೆಂದ ಹಣ ಅಲ್ಲಿ ಕಾಣುವುದೇ ಇಲ್ಲ. ತೆರಿಗೆ ಉಳಿಸುವ ಶಕ್ತಿ ಈಗ ಯಾವ ಸಾಲಿಗಿದೆ?

ಜೂನ್ ತಿಂಗಳ ಎರಡನೇ ವಾರ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಊಟದ ಹೊತ್ತಿಗೆ ಎಲ್ಲರ ಮೊಬೈಲಿಗೂ ಒಂದೇ ಬಗೆಯ ಇಮೇಲ್ ಬಂದು ಬೀಳುತ್ತದೆ. ಜೊತೆಗೊಂದು ಪಿಡಿಎಫ್, ಅದಕ್ಕೊಂದು ಪಾಸ್‌ವರ್ಡ್. ತೆರೆದು ನೋಡಿದವರಲ್ಲಿ ಕೆಲವರು ತಟ್ಟೆ ಪಕ್ಕಕ್ಕೆ ಸರಿಸಿ ಕ್ಯಾಲ್ಕುಲೇಟರ್ ಹಿಡಿಯುತ್ತಾರೆ. ಬ್ಯಾಂಕಿಗೆ ಬಂದ ಸಂಬಳವನ್ನು ಹನ್ನೆರಡರಿಂದ ಗುಣಿಸಿದರೆ ಒಂದು ಲೆಕ್ಕ, ನೇಮಕಾತಿ ಪತ್ರದ ಸಿಟಿಸಿ ಇನ್ನೊಂದು ಲೆಕ್ಕ, ಈ ಫಾರ್ಮ್ 16 ಹೇಳುವ ಲೆಕ್ಕ ಮೂರನೆಯದು. ‘ಎಚ್‌ಆರ್‌ನವರು ಎಲ್ಲೋ ತಪ್ಪಿದ್ದಾರೆ’ ಎಂಬ ತೀರ್ಪು ಮೊಸರನ್ನ ಮುಗಿಯುವುದರೊಳಗೆ ಹೊರಬೀಳುತ್ತದೆ.

ಬಹಳಷ್ಟು ಸಲ ಯಾರೂ ತಪ್ಪಿರುವುದಿಲ್ಲ. ಪೇ ಸ್ಲಿಪ್ಪನ್ನು ಕಂಪನಿ ತನ್ನ ಅನುಕೂಲಕ್ಕೆ ತಕ್ಕಂತೆ ಬರೆಯುತ್ತದೆ. ಫಾರ್ಮ್ 16ನ್ನು ಆದಾಯ ತೆರಿಗೆ ಕಾಯ್ದೆ ಹೇಳಿದಂತೆಯೇ ಬರೆಯಬೇಕು. ಸಂಬಳವನ್ನು ಕಂಪನಿ ಎಷ್ಟು ಸಾಲುಗಳಾಗಿ ಒಡೆದಿದೆ, ಒಂದೊಂದಕ್ಕೆ ಏನು ಹೆಸರಿಟ್ಟಿದೆ ಎನ್ನುವುದು ಕಾಯ್ದೆಗೆ ಬೇಕಿಲ್ಲ. ಅದು ಕೇಳುವುದು ಎರಡೇ ಪ್ರಶ್ನೆ: ಉದ್ಯೋಗದ ಕಾರಣಕ್ಕೆ ಇದು ನಿಮಗೆ ದಕ್ಕಿತೇ? ದಕ್ಕಿದ್ದರೆ, ಇದನ್ನು ಬಿಟ್ಟುಕೊಡು ಎನ್ನುವ ನಿಯಮ ಯಾವುದಾದರೂ ಇದೆಯೇ? ಅಂಥ ನಿಯಮ ಇಲ್ಲದಿದ್ದರೆ ತೆರಿಗೆ. ಹೊಸ ತೆರಿಗೆ ಪದ್ಧತಿಯಲ್ಲಿ ಈ ‘ಬಿಟ್ಟುಕೊಡು’ ನಿಯಮಗಳು ಬಹುಪಾಲು ಕಣ್ಮರೆಯಾಗಿವೆ. ಹಾಗಾಗಿ ಭತ್ಯೆಗಳ ಹೆಸರು ಬದಲಿಸಿ ತೆರಿಗೆ ಉಳಿಸುವ ಕಾಲ ಮುಗಿಯಿತು. ಈಗ ಲೆಕ್ಕಕ್ಕೆ ಬರುವುದು ಬೇಸಿಕ್ ಎಷ್ಟು ಮತ್ತು ಹಣವಲ್ಲದ ಸವಲತ್ತು ಏನು ಎಂಬುದು ಮಾತ್ರ ಎನ್ನುವುದು ಈ ಲೇಖನದ ವಾದ. ಇದನ್ನು ಒಂದು ಲೆಕ್ಕದ ಮೂಲಕವೇ ನೋಡೋಣ.

ಬೆಂಗಳೂರಿನ ಖಾಸಗಿ ಕಂಪನಿಯ ಒಬ್ಬ ಉದ್ಯೋಗಿಯನ್ನು ಊಹಿಸಿಕೊಳ್ಳಿ. ವರ್ಷ 2025-26. ತಿಂಗಳಿಗೆ ಬೇಸಿಕ್ 60,000 ರೂಪಾಯಿ, ಎಚ್‌ಆರ್‌ಎ 24,000, ಸ್ಪೆಷಲ್ ಅಲೊಯೆನ್ಸ್ 46,000, ಒಟ್ಟು 1,30,000. ವರ್ಷಕ್ಕೆ 15,60,000. ಸೆಪ್ಟೆಂಬರಿನಲ್ಲಿ 90,000 ರೂಪಾಯಿ ಬೋನಸ್ ಬಂದಿದೆ. ಇದಲ್ಲದೆ ಕಂಪನಿ ಬೇಸಿಕ್ಕಿನ ಶೇ 12ರಂತೆ ವರ್ಷಕ್ಕೆ 86,400 ರೂಪಾಯಿ ಪಿಎಫ್ ತುಂಬುತ್ತದೆ, ಗ್ರಾಚ್ಯುಟಿಗೆಂದು 34,632 ತೆಗೆದಿಡುತ್ತದೆ, ಗುಂಪು ಆರೋಗ್ಯ ವಿಮೆಗೆ 20,000 ಕಟ್ಟುತ್ತದೆ. ಇವೆಲ್ಲ ಸೇರಿ ಸಿಟಿಸಿ 17,91,032. ಸಿಟಿಸಿಯ ಹೊರಗೆ ಇನ್ನೆರಡು ಸೌಲಭ್ಯಗಳಿವೆ. ಕಚೇರಿ ಕೆಲಸಕ್ಕೂ ಮನೆ ಬಳಕೆಗೂ ಕಂಪನಿಯ ಒಂದು ಸಣ್ಣ ಕಾರು, ಇಂಧನದ ಖರ್ಚು ಕಂಪನಿಯದೇ. ಜೊತೆಗೆ ಈಸಾಪ್ ಯೋಜನೆಯಲ್ಲಿ ತಲಾ 200 ರೂಪಾಯಿಗೆ ಪಡೆದ 100 ಷೇರುಗಳು; ಪಡೆದ ದಿನ ಮಾರುಕಟ್ಟೆಯಲ್ಲಿ ಅವುಗಳ ಬೆಲೆ 1,200 ರೂಪಾಯಿ ಇತ್ತು.

ಫಾರ್ಮ್ 16ರ ಭಾಗ ‘ಬಿ’ ಇವನ್ನೆಲ್ಲ ಮೂರು ಸಾಲಿಗೆ ಇಳಿಸುತ್ತದೆ. ಮೊದಲನೆಯದು ಸೆಕ್ಷನ್ 17(1)ರ ಸಂಬಳ. ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲೊಯೆನ್ಸ್, ಬೋನಸ್ ಎಲ್ಲವೂ ಇಲ್ಲಿ ಬೆರೆತು 16,50,000 ಆಗುತ್ತದೆ. ಹನ್ನೆರಡು ಚೀಟಿಗಳ ‘ಗ್ರಾಸ್’ ಕೂಡಿದರೆ ಸರಿಹೊಂದಬೇಕಾದ ಮೊತ್ತ ಇದು, ಇದೊಂದೇ. ಬ್ಯಾಂಕಿಗೆ ಬಂದ ಹಣದೊಂದಿಗೆ ಇದನ್ನು ಹೋಲಿಸುವುದೇ ಮೊದಲ ಎಡವಟ್ಟು. ಉದ್ಯೋಗಿಯ ಪಾಲಿನ ಪಿಎಫ್ ಎಂದು ತಿಂಗಳಿಗೆ 7,200 ರೂಪಾಯಿ ಕಡಿತವಾಗುತ್ತದೆ. ಅದು ಸಂಬಳ ಬಂದ ಮೇಲೆ ಮಾಡಿದ ಉಳಿತಾಯವೇ ಹೊರತು ಬಾರದ ಸಂಬಳವಲ್ಲ. ಹಳೆಯ ಪದ್ಧತಿಯಲ್ಲಿ 80ಸಿ ಅಡಿ ಅದಕ್ಕೆ ರಿಯಾಯಿತಿ ಇತ್ತು. ಹೊಸ ಪದ್ಧತಿಯಲ್ಲಿ ಆ ಹಣಕ್ಕೂ ಪೂರ್ತಿ ತೆರಿಗೆ.

ಎರಡನೆಯ ಸಾಲು ಸೆಕ್ಷನ್ 17(2)ರ ಪರ್ಕ್ವಿಸಿಟ್, ಅಂದರೆ ಹಣವಾಗಿ ಕೊಡದ ಸವಲತ್ತು. ಕಾರಿನ ಎಂಜಿನ್ 1.6 ಲೀಟರಿನೊಳಗಿದ್ದು ಕಚೇರಿಗೂ ಸ್ವಂತಕ್ಕೂ ಬಳಕೆಯಾಗುತ್ತಿದ್ದರೆ, 2025-26ಕ್ಕೆ ಅನ್ವಯಿಸುವ ನಿಯಮದಲ್ಲಿ ಅದರ ಬೆಲೆ ತಿಂಗಳಿಗೆ 1,800 ರೂಪಾಯಿ. ಚಾಲಕನನ್ನೂ ಕೊಟ್ಟರೆ ಇನ್ನೊಂದು 900. ನಮ್ಮ ಉದ್ಯೋಗಿಗೆ ಚಾಲಕ ಇಲ್ಲ, ಹಾಗಾಗಿ ವರ್ಷಕ್ಕೆ 21,600. ಷೇರಿನ ಲೆಕ್ಕದಲ್ಲಿ ಒಂದಕ್ಕೆ 1,000 ರೂಪಾಯಿಯಂತೆ ನೂರಕ್ಕೆ 1,00,000. ಒಟ್ಟು 1,21,600. ಮೂರನೆಯ ಸಾಲು ಸೆಕ್ಷನ್ 17(3), ‘ಸಂಬಳದ ಬದಲಿನ ಲಾಭ’. ಕೆಲಸ ಬಿಡಿಸುವಾಗ ಕೊಡುವ ಪರಿಹಾರದಂಥವು ಅಲ್ಲಿ ಬರುತ್ತವೆ; ಇವರಿಗೆ ಸೊನ್ನೆ. ಮೂರೂ ಕೂಡಿ 17,71,600. ಇದರಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 16,96,600. ತೆರಿಗೆಗೆ ಒಳಪಡುವ ಸಂಬಳ ಎಂದರೆ ಇದೇ. ಹೊಸ ಪದ್ಧತಿಯ ಹಂತಗಳಲ್ಲಿ ಇದಕ್ಕೆ 1,39,320 ರೂಪಾಯಿ ತೆರಿಗೆ, ಶೇ 4ರ ಸೆಸ್ ಸೇರಿ ಸುಮಾರು 1,44,900.

> ಲೆಕ್ಕ ಒಂದೇ ನೋಟದಲ್ಲಿ (2025-26, ಹೊಸ ಪದ್ಧತಿ)
> 17(1) ಸಂಬಳ: 16,50,000
> 17(2) ಸವಲತ್ತು: 1,21,600
> 17(3) ಬದಲಿ ಲಾಭ: 0
> ಒಟ್ಟು: 17,71,600
> ಸ್ಟ್ಯಾಂಡರ್ಡ್ ಡಿಡಕ್ಷನ್: 75,000
> ತೆರಿಗೆಗೊಳಪಡುವ ಸಂಬಳ: 16,96,600

ಇಲ್ಲೊಂದು ತಮಾಷೆ ಇದೆ. ಸಿಟಿಸಿ 17,91,032, ಫಾರ್ಮ್ 16ರ ಒಟ್ಟು ಮೊತ್ತ 17,71,600. ನಡುವಿನ ಅಂತರ ಇಪ್ಪತ್ತು ಸಾವಿರವೂ ಇಲ್ಲ. ಹೆಚ್ಚುಕಡಿಮೆ ಹೊಂದಿತಲ್ಲ ಎಂದು ಯಾರಾದರೂ ಪಿಡಿಎಫ್ ಮುಚ್ಚಿಬಿಡಬಹುದು. ಆದರೆ ಎರಡೂ ಹತ್ತಿರ ಬಂದದ್ದು ಬರೀ ಆಕಸ್ಮಿಕ. ಕಂಪನಿಯ ಪಾಲಿನ ಪಿಎಫ್ ಬೇಸಿಕ್ಕಿನ ಶೇ 12 ಮೀರದಿದ್ದರೆ ಸಂಬಳದ ಲೆಕ್ಕಕ್ಕೆ ಬರುವುದಿಲ್ಲ. ಗ್ರಾಚ್ಯುಟಿಗೆ ತೆಗೆದಿಟ್ಟದ್ದು ಉದ್ಯೋಗಿಗೆ ಇನ್ನೂ ಸಂದಿಲ್ಲ. ಕಂಪನಿ ಕಟ್ಟುವ ಆರೋಗ್ಯ ವಿಮೆಯ ಕಂತನ್ನು ಕಾಯ್ದೆಯೇ ಸವಲತ್ತಿನ ಪಟ್ಟಿಯಿಂದ ಹೊರಗಿಟ್ಟಿದೆ. ಹೀಗೆ 1,41,032 ರೂಪಾಯಿ ಹೊರಗೆ ಹೋಯಿತು. ಇನ್ನೊಂದು ಬಾಗಿಲಿನಿಂದ ಕಾರು ಮತ್ತು ಷೇರಿನ 1,21,600 ಒಳಗೆ ಬಂತು. ಮೊತ್ತ ಹೊಂದಿದರೂ ಒಳಗಿನ ಸರಕು ಬೇರೆ. ಆದ್ದರಿಂದ ಒಟ್ಟನ್ನು ಒಟ್ಟಿಗೆ ಹೋಲಿಸಿ ಪ್ರಯೋಜನವಿಲ್ಲ, ಸಾಲು ಸಾಲಾಗಿಯೇ ನೋಡಬೇಕು.

ಹಾಗಾದರೆ ಸಂಬಳವನ್ನು ಇಷ್ಟೊಂದು ಚೂರು ಮಾಡುವುದೇಕೆ? ಒಂದು ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಕಚೇರಿಗೆ ಓಡಾಡುವ ಭತ್ಯೆಗೆ ವರ್ಷಕ್ಕೆ 19,200, ವೈದ್ಯಕೀಯ ಬಿಲ್ಲುಗಳಿಗೆ 15,000 ವಿನಾಯಿತಿ ಇದ್ದ ದಿನಗಳಲ್ಲಿ ಆ ಹೆಸರಿನ ಸಾಲು ಚೀಟಿಯಲ್ಲಿದ್ದರೆ ಅಷ್ಟು ತೆರಿಗೆ ಉಳಿಯುತ್ತಿತ್ತು. 2018ರ ಬಜೆಟ್ ಅವೆರಡನ್ನೂ ತೆಗೆದು ಅವುಗಳ ಜಾಗಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ತಂದಿತು. ಆಗ 40,000 ಇದ್ದದ್ದು ಮರುವರ್ಷ 50,000 ಆಯಿತು. ಹೊಸ ಪದ್ಧತಿಯವರಿಗೆ 2024ರ ಜುಲೈ ಬಜೆಟ್ಟಿನಲ್ಲಿ 75,000 ಆಯಿತು. ವಿನಾಯಿತಿ ಹೋದರೂ ಎಷ್ಟೋ ಚೀಟಿಗಳಲ್ಲಿ ‘ಕನ್ವೇಯನ್ಸ್’, ‘ಮೆಡಿಕಲ್’ ಸಾಲುಗಳು ಇಂದಿಗೂ ಕುಳಿತಿವೆ. ಅವು ಮಾಡುವ ಕೆಲಸ ಏನೂ ಇಲ್ಲ. ಪೇರೋಲ್ ತಂತ್ರಾಂಶದಲ್ಲಿ ಅಳಿಸುವವರಿಲ್ಲದೆ ಉಳಿದುಕೊಂಡಿವೆ ಅಷ್ಟೆ. ಸ್ಪೆಷಲ್ ಅಲೊಯೆನ್ಸ್ ಅಂತೂ ಹುಟ್ಟಿನಿಂದಲೇ ಹೀಗೆ. ಬೇಸಿಕ್ ಇಷ್ಟು, ಎಚ್‌ಆರ್‌ಎ ಇಷ್ಟು ಎಂದು ನಿಗದಿ ಮಾಡಿ, ಒಪ್ಪಿದ ಸಂಬಳ ತಲುಪಲು ಇನ್ನೆಷ್ಟು ಬೇಕೋ ಅಷ್ಟನ್ನು ಅದರಲ್ಲಿ ಸುರಿಯುತ್ತಾರೆ. ಬೇಳೆ, ಪಲ್ಯದ ನಡುವೆ ಎಲೆ ತುಂಬಲು ಬಡಿಸಿದ ಅನ್ನದಂತೆ, ಉಳಿದ ಜಾಗವೆಲ್ಲ ಅದರದ್ದೇ.

ಎಚ್‌ಆರ್‌ಎ ಹಾಗಲ್ಲವಲ್ಲ, ಬಾಡಿಗೆ ರಸೀದಿ ಕೊಟ್ಟರೆ ತೆರಿಗೆ ಉಳಿಯುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ಹಳೆಯ ಪದ್ಧತಿಯಲ್ಲಿ ಮಾತ್ರ. ನಮ್ಮ ಉದ್ಯೋಗಿ ತಿಂಗಳಿಗೆ 25,000 ರೂಪಾಯಿ ಬಾಡಿಗೆ ಕಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಪಡೆದ ಎಚ್‌ಆರ್‌ಎ 2,88,000. ಬಾಡಿಗೆಯಲ್ಲಿ ಬೇಸಿಕ್ಕಿನ ಶೇ 10 ಕಳೆದರೆ 2,28,000. ಬೇಸಿಕ್ಕಿನ ಶೇ 40 ಎಂದರೆ 2,88,000. ಮೂರರಲ್ಲಿ ಕಡಿಮೆಯದ್ದು 2,28,000, ವಿನಾಯಿತಿ ಅಷ್ಟಕ್ಕೇ. (ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈನಲ್ಲಿ ಇರುವವರಿಗೆ ಶೇ 50. ಬೆಂಗಳೂರಿನ ಬಾಡಿಗೆ ಅವುಗಳಿಗೆ ಏನು ಕಡಿಮೆಯೋ ತಿಳಿಯದು, 2025-26ರ ಲೆಕ್ಕಕ್ಕೆ ನಮಗೆ ಶೇ 40 ಮಾತ್ರ.) ಇದರ ಜೊತೆಗೆ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 2,500 ವೃತ್ತಿ ತೆರಿಗೆ, 80ಸಿ ಅಡಿಯ ಪೂರ್ತಿ 1,50,000 ಕಳೆದರೂ ಹಳೆಯ ಪದ್ಧತಿಯಲ್ಲಿ ತೆರಿಗೆ 2,23,000 ದಾಟುತ್ತದೆ. ಹೊಸ ಪದ್ಧತಿಗಿಂತ ಸುಮಾರು 78,500 ಹೆಚ್ಚು. ಗೃಹಸಾಲದ ದೊಡ್ಡ ಬಡ್ಡಿಯೋ ಭಾರಿ ಬಾಡಿಗೆಯೋ ಇರುವವರಿಗೆ ಈ ಲೆಕ್ಕ ತಿರುಗಬಹುದು. ಇವರಿಗೆ ತಿರುಗುವುದಿಲ್ಲ. ಹೊಸ ಪದ್ಧತಿಯನ್ನು ಆರಿಸಿದ ಮೇಲೆ ಎಚ್‌ಆರ್‌ಎ ಸಾಲಿಗೂ ಸ್ಪೆಷಲ್ ಅಲೊಯೆನ್ಸ್ ಸಾಲಿಗೂ ತೆರಿಗೆಯ ಕಣ್ಣಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ.

ಬೇಸಿಕ್ಕಿನ ಮಾತು ಬೇರೆ. ಅದಕ್ಕೂ ರೂಪಾಯಿಗೆ ಅಷ್ಟೇ ತೆರಿಗೆ ನಿಜ. ಆದರೆ ಕಾನೂನು ಉಳಿದ ಅನೇಕ ಮಿತಿಗಳನ್ನು ಅದರ ಶೇಕಡಾವಾರಿನಲ್ಲಿ ಹೇಳುತ್ತದೆ. ಹೊಸ ಪದ್ಧತಿಯಲ್ಲೂ ಜೀವಂತ ಉಳಿದಿರುವ ದೊಡ್ಡ ರಿಯಾಯಿತಿ 80ಸಿಸಿಡಿ(2)ರದ್ದು. ಕಂಪನಿ ಉದ್ಯೋಗಿಯ ಎನ್‌ಪಿಎಸ್ ಖಾತೆಗೆ ಕಟ್ಟುವ ಹಣದಲ್ಲಿ ಬೇಸಿಕ್ಕಿನ ಶೇ 14ರವರೆಗೆ ಕಳೆಯಬಹುದು. ತುಟ್ಟಿಭತ್ಯೆ ಇದ್ದವರು ಅದನ್ನೂ ಬೇಸಿಕ್ಕಿಗೆ ಸೇರಿಸಿಕೊಳ್ಳಬಹುದು. ನಮ್ಮ ಉದ್ಯೋಗಿ ಸ್ಪೆಷಲ್ ಅಲೊಯೆನ್ಸಿನಲ್ಲಿ 1,00,800 ರೂಪಾಯಿಯನ್ನು ಹೀಗೆ ತಿರುಗಿಸಲು ಕಂಪನಿಯನ್ನು ಒಪ್ಪಿಸಿದರೆ ವರ್ಷಕ್ಕೆ ಸುಮಾರು 20,700 ರೂಪಾಯಿ ತೆರಿಗೆ ಉಳಿಯುತ್ತದೆ. ಫಾರ್ಮ್ 16ರಲ್ಲಿ ಇದು ಕಾಣುವ ರೀತಿ ವಿಚಿತ್ರ: ಆ ಹಣ ಮೊದಲು ಸಂಬಳದ ಸಾಲಿನಲ್ಲಿ ಸೇರುತ್ತದೆ, ಪುಟದ ಕೆಳಗೆ ಅಧ್ಯಾಯ 6-ಎ ಕಡಿತಗಳಲ್ಲಿ ಹೊರಬೀಳುತ್ತದೆ. ಮೇಲಿನ ಸಾಲನ್ನಷ್ಟೇ ಓದಿದವರು ಎನ್‌ಪಿಎಸ್‌ಗೂ ತೆರಿಗೆ ಹಾಕಿದ್ದಾರೆಂದು ಗಾಬರಿಯಾಗುತ್ತಾರೆ. ಕೆಳಗಿನ ಸಾಲು ಖಾಲಿ ಇದ್ದರೆ ಮಾತ್ರ ಗಾಬರಿಗೆ ಕಾರಣವಿದೆ. ಬೇಸಿಕ್ 60,000ದ ಬದಲು 40,000 ಇದ್ದಿದ್ದರೆ ಈ ಮಿತಿ 67,200ಕ್ಕೆ ಇಳಿಯುತ್ತಿತ್ತು. ಒಟ್ಟು ಸಂಬಳ ಒಂದೇ ಆದರೂ ಅವಕಾಶ ಮೂರರಲ್ಲಿ ಒಂದು ಭಾಗ ಕಡಿಮೆ.

ಬೇಸಿಕ್ ಕಡಿಮೆಯಿದ್ದರೆ ಪಿಎಫ್ ಕಡಿತ ಕಡಿಮೆ, ಕೈಗೆ ಹೆಚ್ಚು ಹಣ, ಅದೇ ಲೇಸಲ್ಲವೇ ಎನ್ನುವವರಿದ್ದಾರೆ. ಕಂಪನಿಗಳೂ ಬಹುಕಾಲ ಇದೇ ದಾರಿ ಹಿಡಿದಿದ್ದವು, ಉದ್ಯೋಗಿಯ ಕೈತುಂಬಿಸಲು ಮಾತ್ರವಲ್ಲ, ತಮ್ಮ ಪಾಲಿನ ಪಿಎಫ್, ಗ್ರಾಚ್ಯುಟಿ ಕಡಿಮೆ ಮಾಡಿಕೊಳ್ಳಲು ಕೂಡ. ನ್ಯಾಯಾಲಯ ಇದನ್ನು ಗಮನಿಸಿದೆ. ಎಲ್ಲ ನೌಕರರಿಗೂ ಒಂದೇ ತೆರನಾಗಿ ಕೊಡುವ ಸ್ಪೆಷಲ್ ಅಲೊಯೆನ್ಸ್ ಪಿಎಫ್ ಲೆಕ್ಕಕ್ಕೆ ಬೇಸಿಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲಿ ವಿವೇಕಾನಂದ ವಿದ್ಯಾಮಂದಿರ ಪ್ರಕರಣದಲ್ಲಿ ಹೇಳಿತು. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳು ಇನ್ನೂ ಮುಂದೆ ಹೋಗಿ, ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಎಣಿಸುತ್ತವೆ. ಇಲ್ಲಿ ಎಚ್ಚರಿಕೆಯ ಒಂದು ಮಾತು: ಇದು ಪಿಎಫ್, ಗ್ರಾಚ್ಯುಟಿಯ ಲೆಕ್ಕವನ್ನು ಬದಲಿಸುತ್ತದೆಯೇ ಹೊರತು ಫಾರ್ಮ್ 16ರ ಮೊದಲ ಸಾಲನ್ನಲ್ಲ. ಹಣವಾಗಿ ಕೊಟ್ಟ ಸಂಬಳ ಯಾವ ಹೆಸರಿನಲ್ಲಿದ್ದರೂ ಅಲ್ಲಿ ಮೊದಲೇ ಪೂರ್ತಿ ಸೇರಿತ್ತು.

> ಒಂದೇ ಸಂಬಳ, ಎರಡು ಅಳತೆ
> ಎಚ್‌ಆರ್‌ಎ ವಿನಾಯಿತಿಯ ಲೆಕ್ಕದಲ್ಲಿ ಸ್ಪೆಷಲ್ ಅಲೊಯೆನ್ಸ್ ‘ಸಂಬಳ’ ಅಲ್ಲ. ಕಂಪನಿ ತನ್ನದೇ ಮನೆಯನ್ನು ಉಚಿತವಾಗಿ ಕೊಟ್ಟಾಗ, ಆ ಸವಲತ್ತಿನ ಬೆಲೆ ಕಟ್ಟುವ ಲೆಕ್ಕದಲ್ಲಿ ಅದೂ ‘ಸಂಬಳ’. 2011ರ ಜನಗಣತಿಯಲ್ಲಿ 40 ಲಕ್ಷ ಮೀರಿದ ಬೆಂಗಳೂರಿನಂಥ ನಗರಗಳಲ್ಲಿ ಆ ಬೆಲೆ ಸಂಬಳದ ಶೇ 10.

ಇನ್ನು ಎಲ್ಲರನ್ನೂ ಕೆರಳಿಸುವ ಪ್ರಶ್ನೆ. ಕೈಗೆ ಬಾರದ ಹಣಕ್ಕೆ ತೆರಿಗೆ ಯಾಕೆ? ಉತ್ತರ ಸರಳ: ಕಂಪನಿ ಒಬ್ಬರಿಗೆ ಲಕ್ಷ ರೂಪಾಯಿ ನಗದು ಕೊಟ್ಟು, ಇನ್ನೊಬ್ಬರಿಗೆ ಲಕ್ಷ ರೂಪಾಯಿಯ ಲಾಭವನ್ನು ಷೇರಿನ ರೂಪದಲ್ಲಿ ಕೊಟ್ಟರೆ, ಮೊದಲನೆಯವರಿಗೆ ಮಾತ್ರ ತೆರಿಗೆ ಹಾಕುವುದು ಅನ್ಯಾಯ. ಬ್ಯಾಂಕ್ ನೌಕರರಿಗೆ ಸಿಗುವ ಕಡಿಮೆ ಬಡ್ಡಿಯ ಸಾಲ ತೆರಿಗೆಗೊಳಪಡುವ ಸವಲತ್ತೇ ಎಂಬ ವಿವಾದವನ್ನು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದೂ ಹೀಗೆಯೇ. ಎಸ್‌ಬಿಐ ದರವನ್ನು ಅಳತೆಗೋಲಾಗಿ ಇಟ್ಟ ನಿಯಮವನ್ನು ಅದು ಎತ್ತಿಹಿಡಿಯಿತು. ತತ್ವ ಸರಿ, ಆದರೆ ಆಕ್ಷೇಪದಲ್ಲಿ ನಿಜವಾದ ನೋವೊಂದಿದೆ. ಷೇರಿನ ತೆರಿಗೆಯನ್ನು ನಗದು ಸಂಬಳದಿಂದಲೇ ಮುರಿದುಕೊಳ್ಳುತ್ತಾರೆ. ನಮ್ಮ ಉದ್ಯೋಗಿ ಮಾರ್ಚಿನಲ್ಲಿ ಷೇರು ಪಡೆದಿದ್ದರೆ ಸುಮಾರು 20,600 ರೂಪಾಯಿ ಆ ಒಂದೇ ತಿಂಗಳ ಸಂಬಳದಿಂದ ಹೋಗುತ್ತದೆ. ಏಪ್ರಿಲಿನಲ್ಲಿ ಪಡೆದಿದ್ದರೆ ಹನ್ನೆರಡು ತಿಂಗಳಿಗೆ ಹಂಚಿಕೆಯಾಗುತ್ತಿತ್ತು. ಷೇರಿನ ಬೆಲೆ ಆಮೇಲೆ ಅರ್ಧಕ್ಕಿಳಿದರೂ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ.

ಆ ಲಕ್ಷ ರೂಪಾಯಿಯ ವಿವರ ಫಾರ್ಮ್ 16ಕ್ಕೆ ಜೊತೆಯಾಗಿ ಬರುವ ಫಾರ್ಮ್ 12ಬಿಎಯಲ್ಲಿ ಇರುತ್ತದೆ. ಹೆಚ್ಚಿನವರು ತೆರೆಯದೇ ಬಿಡುವ ಪುಟ ಅದು. ತೆರೆಯಲು ಒಂದು ಬಲವಾದ ಕಾರಣ ಹೇಳುತ್ತೇನೆ. ನಮ್ಮ ಉದ್ಯೋಗಿ ಮುಂದೆ ಆ ಷೇರುಗಳನ್ನು 1,500 ರೂಪಾಯಿಗೆ ಮಾರಿದರೆ ಬಂಡವಾಳ ಲಾಭ ಷೇರಿಗೆ 300 ರೂಪಾಯಿ ಮಾತ್ರ. ಏಕೆಂದರೆ 1,200ರವರೆಗಿನ ಲಾಭಕ್ಕೆ ಸಂಬಳದ ಲೆಕ್ಕದಲ್ಲಿ ತೆರಿಗೆ ಕಟ್ಟಿಯಾಗಿದೆ. ಕೈಯಿಂದ ಕೊಟ್ಟದ್ದು 200 ಅಲ್ಲವೇ ಎಂದು ಅದನ್ನೇ ಖರೀದಿ ಬೆಲೆಯಾಗಿ ನಮೂದಿಸಿದವರು ಷೇರಿಗೆ 1,300 ಲಾಭ ತೋರಿಸಿ, ಒಂದೇ ಸಾವಿರಕ್ಕೆ ಎರಡನೇ ಸಲ ತೆರಿಗೆ ಕಟ್ಟುತ್ತಾರೆ. ಇಲಾಖೆ ಇದನ್ನು ತಪ್ಪೆಂದು ಹೇಳಿ ಹಣ ಹಿಂದಿರುಗಿಸುವುದಿಲ್ಲ. 12ಬಿಎಯನ್ನು ವರ್ಷಗಟ್ಟಲೆ ಜೋಪಾನ ಮಾಡಬೇಕಾದದ್ದು ಇದಕ್ಕಾಗಿ.

ಕಾರಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಷೇರಿಗೆ ಮಾರುಕಟ್ಟೆಯ ಬೆಲೆ ಕಟ್ಟುವ ನಿಯಮ ಕಾರಿಗೆ ಮಾತ್ರ ದಶಕಗಳ ಹಿಂದೆ ನಿಂತುಹೋದಂಥ ಮೊತ್ತವನ್ನು ಹಿಡಿದಿತ್ತು. ಇಂಧನ, ರಿಪೇರಿ, ವಿಮೆ ಎಲ್ಲ ಸೇರಿ ಕಂಪನಿಗೆ ತಿಂಗಳಿಗೆ ಎಷ್ಟೇ ಖರ್ಚು ಬಿದ್ದರೂ ಉದ್ಯೋಗಿಯ ಲೆಕ್ಕಕ್ಕೆ 2025-26ರವರೆಗೆ ಬರುತ್ತಿದ್ದುದು 1,800. ಹೊಸ ಪದ್ಧತಿಯಲ್ಲೂ ಇದು ಹಾಗೆಯೇ ಇದ್ದದ್ದರಿಂದ, ಸ್ಪೆಷಲ್ ಅಲೊಯೆನ್ಸ್ ಕಡಿಮೆ ಮಾಡಿ ಕಂಪನಿ ಲೀಸಿನ ಕಾರು ಪಡೆಯುವುದು ಐಟಿ ಕಂಪನಿಗಳಲ್ಲಿ ಜನಪ್ರಿಯವಾಯಿತು. ಕಚೇರಿ ಕೆಲಸಕ್ಕೂ ಕಾರು ಬಳಕೆಯಾಗುತ್ತಿರಬೇಕು ಎಂಬುದು ಇದರ ಷರತ್ತು. ಪೂರ್ತಿ ಮನೆ ಬಳಕೆಯ ಕಾರಾದರೆ 1,800ರ ಲೆಕ್ಕ ಹೋಗಿ ಕಂಪನಿ ಮಾಡಿದ ಖರ್ಚು, ಜೊತೆಗೆ ಕಾರಿನ ಸವಕಳಿ, ಎರಡೂ ಸವಲತ್ತಾಗುತ್ತವೆ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದೆ, ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆದರೆ 2025-26ರ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯ, ಹಾಗಾಗಿ ಈ ಲೆಕ್ಕವೆಲ್ಲ ಹಳೆಯ ಸಂಖ್ಯೆಗಳಲ್ಲೇ ಇದೆ.

ಕಂಪನಿಯೇ ಎಲ್ಲ ಲೆಕ್ಕ ಹಾಕಿ ಸಹಿ ಮಾಡಿ ಕೊಟ್ಟ ಮೇಲೆ ಮತ್ತೆ ನೋಡುವುದೇನಿದೆ ಎಂಬುದು ಕೊನೆಯ ಆಕ್ಷೇಪ. ಕಂಪನಿಗೆ ಗೊತ್ತಿರುವುದನ್ನು ಮಾತ್ರ ಕಂಪನಿ ಲೆಕ್ಕ ಹಾಕುತ್ತದೆ ಎಂಬುದು ಅದಕ್ಕೆ ಉತ್ತರ. ವರ್ಷದ ನಡುವೆ ಕೆಲಸ ಬದಲಿಸಿದವರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಆರು ತಿಂಗಳು ಒಂದು ಕಂಪನಿಯಲ್ಲಿ 8 ಲಕ್ಷ, ಉಳಿದ ಆರು ತಿಂಗಳು ಇನ್ನೊಂದರಲ್ಲಿ 8 ಲಕ್ಷ ಸಂಬಳ ಎಂದುಕೊಳ್ಳಿ. ಮೊದಲ ಕಂಪನಿ ಇಡೀ ವರ್ಷಕ್ಕೆ 16 ಲಕ್ಷ ಎಂದು ಅಂದಾಜಿಸಿ ತಿಂಗಳು ತಿಂಗಳು ಟಿಡಿಎಸ್ ಮುರಿದಿರುತ್ತದೆ. ಅರ್ಧ ವರ್ಷಕ್ಕೆ ಸುಮಾರು 56,550. ಎರಡನೆಯ ಕಂಪನಿಗೆ ಹಿಂದಿನ ಸಂಬಳ ತಿಳಿಸದಿದ್ದರೆ ಅದು ತನ್ನ 8 ಲಕ್ಷವನ್ನಷ್ಟೇ ನೋಡುತ್ತದೆ, ಮತ್ತೊಮ್ಮೆ 75,000 ಕಳೆಯುತ್ತದೆ. 12 ಲಕ್ಷದೊಳಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದು ಒಂದು ರೂಪಾಯಿಯನ್ನೂ ಮುರಿಯುವುದಿಲ್ಲ. ಆರು ತಿಂಗಳು ಸಂಬಳ ಏರಿದಂತೆ ಕಾಣುತ್ತದೆ. ರಿಟರ್ನ್ ತುಂಬುವಾಗ ಎರಡೂ ಸೇರಿ 15,25,000ಕ್ಕೆ 1,13,100 ತೆರಿಗೆ ಬಂದು ನಿಲ್ಲುತ್ತದೆ; ಕಟ್ಟಿದ್ದು ಅದರ ಅರ್ಧ. ಬಾಕಿಯ ಜೊತೆಗೆ ಬಡ್ಡಿ. ಹೊಸ ಕಂಪನಿ ಸೇರಿದಾಗಲೇ ಫಾರ್ಮ್ 12ಬಿ ಕೊಟ್ಟಿದ್ದರೆ ಎರಡನೆಯ ಫಾರ್ಮ್ 16ರಲ್ಲಿ, 17(3)ರ ಕೆಳಗೆ, ಒಟ್ಟಿನ ನಂತರದ ಸಾಲಿನಲ್ಲಿ ಇತರ ಉದ್ಯೋಗದಾತರಿಂದ ಪಡೆದ ಸಂಬಳ ನಮೂದಾಗಿರುತ್ತದೆ. ಕೆಲಸ ಬದಲಿಸಿದವರು ಮೊದಲು ನೋಡಬೇಕಾದ ಸಾಲು ಅದು. ಅಲ್ಲಿ ಸೊನ್ನೆ ಇದ್ದರೆ ಎರಡೂ ಪ್ರಮಾಣಪತ್ರಗಳ ಸಂಬಳವನ್ನು ಕೂಡಿ, 75,000ವನ್ನು ಒಂದೇ ಸಲ ಕಳೆದು, ಬಾಕಿ ತೆರಿಗೆಯನ್ನು ರಿಟರ್ನ್ ಸಲ್ಲಿಸುವ ಮೊದಲು ಸ್ವತಃ ಕಟ್ಟಬೇಕು.